ಹಳೇ ಫೋನಿನ ಬಾಕ್ಸ್ ಫೋಟೋ ಬಂದಿದೆಯಾ? ಸ್ಟಿಕ್ಕರ್ ಮೇಲಿನ ಐಎಂಇಐ, ಸೀರಿಯಲ್ ನಂಬರ್ ಹೀಗೆ ತಾಳೆ ನೋಡಿ

ವಿಜಯಪುರ, ಬಾಗಲಕೋಟೆ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಬೆಳಗಾವಿಯವರೊಬ್ಬರು ಸೆಕೆಂಡ್ ಹ್ಯಾಂಡ್ ಫೋನ್ ಮಾರ್ತಿದ್ದಾರೆ. ಬಾಕ್ಸ್, ಬಿಲ್ ಎರಡೂ ಇದೆ ಅಂತ ವಾಟ್ಸಾಪ್‌ನಲ್ಲಿ ಫೋಟೋ ಹಾಕಿದ್ದಾರೆ. ಇಷ್ಟು ಸಾಕಾ, ಹೋಗಿ ತಗೊಂಡು ಬರಬಹುದಾ?"

ಬಾಕ್ಸ್ ಇದೆ ಅನ್ನೋದು ಒಂದು ವಿಷಯ. ಆ ಬಾಕ್ಸ್ ಅದೇ ಫೋನಿನದು ಅನ್ನೋದು ಬೇರೆ ವಿಷಯ. ಖಾಲಿ ಬಾಕ್ಸುಗಳು ಬಿಡಿಯಾಗಿಯೂ ಮಾರಾಟವಾಗುತ್ತವೆ. ಅದೇ ಮಾಡೆಲ್, ಅದೇ ಬಣ್ಣದ ಬಾಕ್ಸ್ ತಂದು ಅದರಲ್ಲಿ ಬೇರೆ ಫೋನ್ ಇಟ್ಟರೆ ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಾಕ್ಸಿನ ಹಿಂದೆ ಅಂಟಿಸಿರುವ ಬಿಳಿ ಸ್ಟಿಕ್ಕರಿನಿಂದ ಮಾತ್ರ. ವಿಜಯಪುರದಿಂದ ಬೆಳಗಾವಿಗೆ ಹೆಚ್ಚುಕಡಿಮೆ 200 ಕಿಲೋಮೀಟರ್. ಬಸ್ ಹತ್ತುವ ಮೊದಲೇ, ಕೂತಲ್ಲೇ ಫೋಟೋ ನೋಡಿ ಎಷ್ಟು ತಿಳಿಯಬಹುದೋ ಅಷ್ಟನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಎರಡು ಹೆಸರು ತಿಳಿದುಕೊಂಡುಬಿಡಿ. ಐಎಂಇಐ ಅಂದರೆ ಮೊಬೈಲ್ ನೆಟ್‌ವರ್ಕ್ ಒಂದು ಫೋನನ್ನು ಗುರುತಿಸುವ 15 ಅಂಕಿಯ ಸಂಖ್ಯೆ. ಎರಡು ಸಿಮ್ ಇರುವ ಫೋನಿಗೆ ಎರಡು ಐಎಂಇಐ ಇರುತ್ತವೆ. ಸೀರಿಯಲ್ ನಂಬರ್ ಅಂದರೆ ಕಂಪನಿ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ. ಅದರಲ್ಲಿ ಅಕ್ಷರ, ಅಂಕಿ ಎರಡೂ ಬರುತ್ತವೆ, ಉದ್ದ ಕಂಪನಿಯಿಂದ ಕಂಪನಿಗೆ ಬೇರೆ.

1. ಸರಿಯಾದ ಫೋಟೋ ಕೇಳಿ ತರಿಸಿಕೊಳ್ಳಿ

ಮಾರಾಟಕ್ಕೆ ಎಲ್ಲರಿಗೂ ಕಾಣುವಂತೆ ಹಾಕಿದ ಫೋಟೋದಲ್ಲಿ ಐಎಂಇಐ ಮೇಲೆ ಬೆರಳಿಟ್ಟಿದ್ದರೆ ಅಥವಾ ಅಳಿಸಿದ್ದರೆ ಅನುಮಾನ ಪಡಬೇಡಿ. ಅದು ಜಾಣತನ. ಆ ನಂಬರ್ ಎತ್ತಿಕೊಂಡು ಬೇರೆಯವರು ದುರುಪಯೋಗ ಮಾಡಬಹುದು. ಆದರೆ ನೀವು ಕೊಳ್ಳೋಕೆ ತಯಾರಾಗಿ, ಖಾಸಗಿಯಾಗಿ ಕೇಳಿದ ಮೇಲೂ ತೋರಿಸಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ವಾಟ್ಸಾಪ್ ಮಾಮೂಲಿಯಾಗಿ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಸ್ಟಿಕ್ಕರಿನ ಸಣ್ಣ ಅಕ್ಷರ ಅದರಲ್ಲಿ ಕಲಸಿಹೋಗುತ್ತದೆ, 3 ಮತ್ತು 8 ಒಂದೇ ಥರ ಕಾಣುತ್ತವೆ. ಅದಕ್ಕೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹೀಗೆ ಕೇಳಿದರೆ ಸಾಕು:

"ಅಣ್ಣಾ, ಬಾಕ್ಸ್ ಹಿಂದಿನ ಸ್ಟಿಕ್ಕರ್ ಪೂರ್ತಿ ಕಾಣೋ ಹಂಗ ನೇರ ಫೋಟೋ ತಗದು ಡಾಕ್ಯುಮೆಂಟ್ ಮಾಡಿ ಕಳಸ್ರಿ. ಬಾಜೂಕ ಒಂದು ಚೀಟಿ ಮ್ಯಾಲ ಇವತ್ತಿನ ತಾರೀಖು ಬರದು ಇಡ್ರಿ."

ಚೀಟಿ ಯಾಕೆ ಅಂದರೆ, ಬೇರೆಯವರ ಹಳೇ ಫೋಟೋ ಎತ್ತಿ ಕಳಿಸುವವರು ಇದ್ದಾರೆ. ಇವತ್ತಿನ ತಾರೀಖಿನ ಚೀಟಿ ಇದ್ದರೆ ಬಾಕ್ಸ್ ಈಗ ಅವರ ಕೈಯಲ್ಲಿದೆ ಅಂತಾದರೂ ಗೊತ್ತಾಗುತ್ತದೆ.

2. ಸ್ಟಿಕ್ಕರ್ ಮೇಲೆ ಯಾವುದು ಏನು ಅಂತ ಗುರುತಿಸಿ

ಒಂದೇ ಸ್ಟಿಕ್ಕರಿನಲ್ಲಿ ನಾಲ್ಕೈದು ಸಂಖ್ಯೆಗಳಿರುತ್ತವೆ. ಹೊಸಬರು ಎಡವುವುದು ಇಲ್ಲೇ.

15 ಅಂಕಿ ಇದ್ದು ಪಕ್ಕದಲ್ಲಿ IMEI ಅಂತ ಇದ್ದರೆ ಅದು ನಮಗೆ ಬೇಕಾದದ್ದು. S/N ಅಥವಾ Serial No. ಅಂತ ಇರುವುದು ಸೀರಿಯಲ್ ನಂಬರ್. 13 ಅಂಕಿಯ ಬಾರ್‌ಕೋಡ್ ಒಂದಿರಬಹುದು, ಹಲವು ಸಲ 890 ರಿಂದ ಶುರುವಾಗುತ್ತದೆ. ಅದು ಅಂಗಡಿಯ ಬಿಲ್ಲಿಂಗಿಗೆ ಬೇಕಾದ ಸರಕಿನ ಕೋಡ್. ಅದೇ ಮಾಡೆಲ್, ಬಣ್ಣ, ಮೆಮೊರಿಯ ಎಲ್ಲ ಬಾಕ್ಸಿನ ಮೇಲೂ ಅದೇ ಇರುತ್ತದೆ, ತಾಳೆ ನೋಡೋಕೆ ಉಪಯೋಗವಿಲ್ಲ. ಇ-ಸಿಮ್ ಇರುವ ಫೋನಾದರೆ EID ಅಂತ 32 ಅಂಕಿಯ ಉದ್ದ ಸಂಖ್ಯೆಯೂ ಇರುತ್ತದೆ. ಅದನ್ನು ಐಎಂಇಐ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಐಫೋನ್ ಬಾಕ್ಸಿನ ಮೇಲೆ ಸೀರಿಯಲ್ ನಂಬರಿನ ಮುಂದೆ ಆವರಣದಲ್ಲಿ S ಅಂತ ಇರುತ್ತದೆ. ಬಾರ್‌ಕೋಡ್ ಓದಿಸಿದಾಗ ಆ S ಕೂಡ ಸೇರಿ ಬರಬಹುದು. ಅದು ಸೀರಿಯಲ್ ನಂಬರಿನ ಭಾಗವಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ S ಇಲ್ಲ ಅಂತ ಗಾಬರಿಯಾಗಬೇಡಿ.

3. ಐಎಂಇಐ ಲೆಕ್ಕ ಕೂಡುತ್ತಾ ನೋಡಿ

ಐಎಂಇಐಯ ಮೊದಲ 8 ಅಂಕಿ ಫೋನಿನ ಮಾಡೆಲ್ ಹೇಳುತ್ತದೆ. ಮುಂದಿನ 6 ಅಂಕಿ ಆ ಮಾಡೆಲಿನಲ್ಲಿ ಇದು ಎಷ್ಟನೆಯ ಫೋನ್ ಅಂತ ಹೇಳುತ್ತದೆ. ಕೊನೆಯ ಒಂದು ಅಂಕಿ ಬರೀ ಪರೀಕ್ಷೆಗೆ ಇಟ್ಟದ್ದು. ಹಿಂದಿನ 14 ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ತೆಗೆದಿರುತ್ತಾರೆ. ಹಾಗಾಗಿ ಸುಮ್ನೆ ಬಾಯಿಗೆ ಬಂದ 15 ಅಂಕಿ ಬರೆದರೆ ಹತ್ತರಲ್ಲಿ ಒಂಬತ್ತು ಸಲ ಲೆಕ್ಕ ತಪ್ಪುತ್ತದೆ.

ಈ ಲೆಕ್ಕ ಕಲಿಸಲು ಎಲ್ಲರೂ ಬಳಸುವ ಮಾದರಿ ಸಂಖ್ಯೆಯನ್ನೇ ತಗೊಳ್ಳೋಣ:

```
490154203237518
```

ಎಡದಿಂದ ಎಣಿಸಿ ಎರಡನೆಯ, ನಾಲ್ಕನೆಯ, ಆರನೆಯ ಹೀಗೆ ಸರಿಸ್ಥಾನದ ಅಂಕಿಗಳನ್ನು ಮಾತ್ರ ಎರಡರಿಂದ ಗುಣಿಸಿ. ಇಲ್ಲಿ ಆ ಅಂಕಿಗಳು 9, 1, 4, 0, 2, 7, 1. ದುಪ್ಪಟ್ಟು ಮಾಡಿದರೆ 18, 2, 8, 0, 4, 14, 2. ಎರಡಂಕಿ ಬಂದಲ್ಲಿ ಆ ಎರಡನ್ನೂ ಕೂಡಿಸಿ: 18 ಅಂದರೆ 9, 14 ಅಂದರೆ 5. ಈಗ ಎಲ್ಲ ಕೂಡಿಸಿದರೆ 30. ಉಳಿದ ಅಂಕಿಗಳನ್ನು ಇದ್ದ ಹಾಗೇ ಕೂಡಿಸಿ: 4, 0, 5, 2, 3, 3, 5, 8. ಅದೂ 30. ಒಟ್ಟು 60. ಮೊತ್ತ ಸೊನ್ನೆಯಲ್ಲಿ ಮುಗಿದರೆ ಐಎಂಇಐ ಲೆಕ್ಕಕ್ಕೆ ಸರಿ.

ಈಗ ಇದೇ ಸಂಖ್ಯೆಯಲ್ಲಿ ಒಂಬತ್ತನೆಯ ಸ್ಥಾನದ 3 ನಿಮಗೆ 8 ಅಂತ ಕಂಡಿತು ಅಂದುಕೊಳ್ಳಿ. ಮೊತ್ತ 65 ಆಗುತ್ತದೆ. ಲೆಕ್ಕ ತಪ್ಪಿತು. ಒಂದೇ ಒಂದು ಅಂಕಿ ಬದಲಾಗಿದ್ದರೆ ಈ ಲೆಕ್ಕ ತಪ್ಪದೇ ಹಿಡಿಯುತ್ತದೆ.

ಎರಡು ಎಚ್ಚರಿಕೆ. ಲೆಕ್ಕ ತಪ್ಪಿದ ತಕ್ಷಣ "ಇದು ಮೋಸ" ಅಂತ ಮೆಸೇಜ್ ಹಾಕಬೇಡಿ. ಬಹಳಷ್ಟು ಸಲ ತಪ್ಪು ನಮ್ಮ ಕಣ್ಣಿನದೇ ಆಗಿರುತ್ತದೆ. ಇನ್ನೊಂದು ಫೋಟೋ ತರಿಸಿ ಮತ್ತೆ ಓದಿ. ಎರಡನೆಯದು, ಲೆಕ್ಕ ಸರಿ ಬಂತು ಅಂದ ಮಾತ್ರಕ್ಕೆ ಫೋನ್ ಸಾಚಾ ಅಂತಲ್ಲ. ಬೇರೆ ಫೋನಿನ ಅಸಲಿ ಬಾಕ್ಸ್ ತಂದಿಟ್ಟರೆ ಅದರ ಐಎಂಇಐ ಲೆಕ್ಕವೂ ಸರಿಯಾಗಿಯೇ ಬರುತ್ತದೆ, ಅಲ್ವಾ?

4. ಬಾರ್‌ಕೋಡನ್ನೇ ಓದಿಸಿ

ನನ್ನ ಪ್ರಕಾರ ಫೋಟೋ ನೋಡಿ ಮಾಡಬಹುದಾದ ಕೆಲಸಗಳಲ್ಲಿ ಅತಿ ಉಪಯುಕ್ತವಾದದ್ದು ಇದು. ಆದರೆ ಜಾಸ್ತಿ ಜನ ಮಾಡುವುದೇ ಇಲ್ಲ.

ಸ್ಟಿಕ್ಕರಿನಲ್ಲಿ ಪ್ರತಿ ಐಎಂಇಐ ಪಕ್ಕ, ಸೀರಿಯಲ್ ನಂಬರಿನ ಪಕ್ಕ ಕಪ್ಪು ಗೆರೆಗಳ ಬಾರ್‌ಕೋಡ್ ಇರುತ್ತದೆ. ಅಂಕಿಯಲ್ಲಿ ಬರೆದಿರುವುದೇ ಆ ಗೆರೆಗಳಲ್ಲೂ ಇರುತ್ತದೆ. ಫೋಟೋದಲ್ಲಿ ಅಂಕಿ ತಿದ್ದುವವರು ಅಕ್ಷರ ಮಾತ್ರ ತಿದ್ದಿ ಗೆರೆಗಳನ್ನು ಹಾಗೇ ಬಿಟ್ಟುಬಿಡುವುದುಂಟು. ಗೆರೆ ನೋಡಿ ನಮ್ಮ ಕಣ್ಣು ಏನೂ ಓದುವುದಿಲ್ಲವಲ್ಲ, ಅದಕ್ಕೆ.

ಮೊಬೈಲಿನಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಗ್ಯಾಲರಿಯಲ್ಲಿರುವ ಫೋಟೋದಿಂದಲೂ ಓದುವ ಆ್ಯಪ್ ಆಗಿರಬೇಕು. ಸ್ಟಿಕ್ಕರ್ ಫೋಟೋವನ್ನು ಕತ್ತರಿಸಿ, ಒಂದು ಸಲಕ್ಕೆ ಒಂದೇ ಬಾರ್‌ಕೋಡ್ ಉಳಿಯುವಂತೆ ಮಾಡಿ ಓದಿಸಿ. ನಾಲ್ಕೂ ಒಟ್ಟಿಗೆ ಇದ್ದರೆ ಆ್ಯಪ್ ಯಾವುದನ್ನೋ ಓದಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಓದಿಸಿದ ಮೇಲೆ ಬಂದ ಸಂಖ್ಯೆಯನ್ನು ಪಕ್ಕದಲ್ಲಿ ಅಚ್ಚಾದ ಸಂಖ್ಯೆಯ ಜೊತೆ ಒಂದೊಂದೇ ಅಂಕಿ ಹೋಲಿಸಿ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ: ನೀವು ಓದಿದ್ದು 490154208237518, ಲೆಕ್ಕ ಕೂಡಲಿಲ್ಲ. ಬಾರ್‌ಕೋಡ್ ಓದಿಸಿದರೆ 490154203237518 ಬಂತು, ಲೆಕ್ಕವೂ ಕೂಡಿತು. ಈಗ ಫೋಟೋ ದೊಡ್ಡದು ಮಾಡಿ ಆ ಒಂಬತ್ತನೆಯ ಅಂಕಿಯನ್ನು ಮತ್ತೆ ನೋಡಿ. ಮಸುಕಾಗಿ, 3 ಇರಬಹುದೋ ಏನೋ ಅನ್ನಿಸಿದರೆ ಅದು ಫೋಟೋದ ದೋಷ. ಚೊಕ್ಕವಾಗಿ, ಖಡಕ್ಕಾಗಿ 8 ಅಂತಲೇ ಇದ್ದರೆ ಯಾರೋ ತಿದ್ದಿದ್ದಾರೆ. ತಿದ್ದುವುದರಿಂದ ಏನು ಲಾಭ ಅಂತೀರಾ? ಕಳುವಾಗಿ ಬ್ಲಾಕ್ ಆದ ಫೋನಾದರೆ ನೀವು ಸರಿಯಾದ ನಂಬರ್ ಹಾಕಿ ಸರ್ಕಾರದ ಪಟ್ಟಿಯಲ್ಲಿ ಹುಡುಕಬಾರದು, ಅಷ್ಟೇ.

ಸೀರಿಯಲ್ ನಂಬರಿಗೂ ಬಾರ್‌ಕೋಡೇ ಗತಿ. ಅದಕ್ಕೆ ಮೇಲೆ ಹೇಳಿದಂಥ ಲೆಕ್ಕ ಇಲ್ಲ. 0 ಮತ್ತು O, 8 ಮತ್ತು B, 5 ಮತ್ತು S ಇವನ್ನು ಕಣ್ಣಲ್ಲೇ ಬಿಡಿಸೋಕೆ ಹೋಗಿ ಒದ್ದಾಡಬೇಡಿ. ಬಾರ್‌ಕೋಡ್ ಏನು ಹೇಳುತ್ತದೋ ಅದನ್ನು ಬರೆದಿಟ್ಟುಕೊಳ್ಳಿ.

5. ಸ್ಟಿಕ್ಕರನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಡಿ

ಸ್ಟಿಕ್ಕರಿನ ಅಂಚು ನೋಡಿ. ಒಂದು ಸ್ಟಿಕ್ಕರಿನ ಮೇಲೆ ಇನ್ನೊಂದು ಅಂಟಿಸಿದ್ದರೆ ಅಂಚಿನಲ್ಲಿ ತೆಳ್ಳಗೆ ನೆರಳು ಬೀಳುತ್ತದೆ, ಮೂಲೆ ಸ್ವಲ್ಪ ಎದ್ದಿರುತ್ತದೆ. ಅಂಕಿಗಳೆಲ್ಲ ಒಂದೇ ಸಾಲಿನಲ್ಲಿ, ಒಂದೇ ದಪ್ಪದಲ್ಲಿ ಇರಬೇಕು. ಒಂದು ಅಂಕಿಯ ಸುತ್ತ ಮಾತ್ರ ಬಿಳಿ ಜಾಸ್ತಿ ಬಿಳಿಯಾಗಿದ್ದರೆ ಅಲ್ಲಿ ಏನೋ ಕೈಚಳಕ ನಡೆದಿದೆ.

ಸ್ಟಿಕ್ಕರಿನಲ್ಲಿ ಮಾಡೆಲ್ ಕೋಡ್, ಬಣ್ಣ, ರ‍್ಯಾಮ್, ಸ್ಟೋರೇಜ್ ಎಲ್ಲ ಇರುತ್ತದೆ. ಮಾರುವವರು 256 ಜಿಬಿ ಅಂದಿದ್ದರೆ, ಸ್ಟಿಕ್ಕರಿನಲ್ಲಿ 128 ಜಿಬಿ ಇದ್ದರೆ ಬಾಕ್ಸ್ ಬೇರೆ, ಇಲ್ಲವೇ ಮಾತು ಸುಳ್ಳು. ಸ್ಟಿಕ್ಕರಿನಲ್ಲಿ ಒಂದು ಮೂಲೆ ಹರಿದಿದ್ದರೆ ಅಥವಾ ಒಂದು ಚೂರು ಕತ್ತರಿಸಿದ್ದರೆ ಯಾಕೆ ಅಂತ ಕೇಳಿ. ಅಂಗಡಿಯವರು ಐಎಂಇಐ ಚೂರನ್ನು ಕಿತ್ತು ಬಿಲ್ ಮೇಲೆ ಅಂಟಿಸಿರಬಹುದು. ಹಾಗಿದ್ದರೆ ಆ ಚೂರು ಬಿಲ್ ಮೇಲೆ ಇರಲೇಬೇಕು.

ನಮ್ಮ ದೇಶದಲ್ಲಿ ಮಾರುವ ಬಾಕ್ಸಿನ ಮೇಲೆ ಎಂಆರ್‌ಪಿ ಜೊತೆಗೆ ತಯಾರಾದ ತಿಂಗಳು, ವರ್ಷವನ್ನೂ ಹಾಕಬೇಕು. ಇದನ್ನು ಬಿಲ್ಲಿನ ತಾರೀಖಿಗೆ ಹೋಲಿಸಿ. ಬಿಲ್ 2024ರ ಮಾರ್ಚ್‌ನದು, ಬಾಕ್ಸಿನ ಮೇಲೆ 2024ರ ಮೇ ಅಂತಿದೆ ಅಂದುಕೊಳ್ಳಿ. ಫೋನ್ ಹುಟ್ಟುವ ಮೊದಲೇ ಮಾರಾಟ ಆಗೋಕೆ ಸಾಧ್ಯವಿಲ್ಲ. ಬಿಲ್ ಒಂದು ಫೋನಿನದು, ಬಾಕ್ಸ್ ಇನ್ನೊಂದರದು.

ಬಿಲ್ ಮೇಲೆ ಐಎಂಇಐ ಬರೆದಿರಬೇಕು, ಅದು ಸ್ಟಿಕ್ಕರಿಗೆ ಹೊಂದಬೇಕು. ಜೊತೆಗೆ ಅಂಗಡಿಯ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. ಅದು ರಾಜ್ಯದ ಕೋಡ್: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30. ಬೆಳಗಾವಿಯಲ್ಲಿ 27ರ ಬಿಲ್ ಇದ್ದರೆ ಅದೇನು ಅಪರಾಧವಲ್ಲ. ಕೊಲ್ಹಾಪುರಕ್ಕೆ ಹೋಗಿ ಫೋನ್ ತರುವವರು ಅಲ್ಲಿ ಇದ್ದೇ ಇರುತ್ತಾರೆ. ಆದರೆ "ಇಲ್ಲೇ ಖಡೇಬಜಾರಿನಾಗ ತಗೊಂಡಿದ್ದೆ" ಅಂತ ಹೇಳಿ 27ರ ಬಿಲ್ ತೋರಿಸಿದರೆ ಮಾತಿಗೂ ಕಾಗದಕ್ಕೂ ತಾಳೆ ಇಲ್ಲ.

6. ಬಾಕ್ಸ್ ಮತ್ತು ಫೋನಿನ ಪರದೆ ಒಂದೇ ಚೌಕಟ್ಟಿನಲ್ಲಿ ಬರಲಿ

ಇಲ್ಲಿಯವರೆಗೆ ನೋಡಿದ್ದು ಬಾಕ್ಸ್ ತನಗೆ ತಾನು ಸರಿಯಾಗಿದೆಯಾ ಅಂತ. ಫೋನಿಗೂ ಅದಕ್ಕೂ ಸಂಬಂಧ ಇದೆಯಾ ಅನ್ನೋದು ಈಗ.

ಫೋನಿನಲ್ಲಿ ಕರೆ ಮಾಡುವ ಜಾಗದಲ್ಲಿ ಇದನ್ನು ಒತ್ತಿದರೆ ಐಎಂಇಐ ಪರದೆ ಮೇಲೆ ಬರುತ್ತದೆ:

```
*#06#
```

ಇದರ ಸ್ಕ್ರೀನ್‌ಶಾಟ್ ಕಳಿಸಿದರೆ ಒಪ್ಪಬೇಡಿ. ಯಾವ ಫೋನಿನದೋ ಸ್ಕ್ರೀನ್‌ಶಾಟ್ ಕಳಿಸಬಹುದು, ತಿದ್ದಿಯೂ ಕಳಿಸಬಹುದು. ಎಲ್ಲಕ್ಕಿಂತ ಒಳ್ಳೆಯದು ವಿಡಿಯೋ ಕಾಲ್. ಮನೆಯಲ್ಲಿರುವ ಇನ್ನೊಂದು ಫೋನಿನಿಂದ ಕಾಲ್ ಮಾಡಲು ಹೇಳಿ, ಮಾರುವ ಫೋನನ್ನು ಬಾಕ್ಸಿನ ಪಕ್ಕ ಇಟ್ಟು ನಿಮ್ಮ ಕಣ್ಣೆದುರೇ ಆ ಕೋಡ್ ಒತ್ತಿಸಿ. ನೀವು ಬಾಕ್ಸಿನಿಂದ ಬರೆದಿಟ್ಟ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಕೂತಿರಿ. ಎರಡೂ ಐಎಂಇಐಗಳ ಎಲ್ಲ 15 ಅಂಕಿ ನೋಡಿ. ಒಂದೇ ಕಂಪನಿಯ ಒಂದೇ ಮಾಡೆಲ್ ಆದರೆ ಮೊದಲ 8 ಅಂಕಿ ಒಂದೇ ಇರಬಹುದು, ಹಾಗಾಗಿ ಶುರು ನೋಡಿ ಬಿಟ್ಟರೆ ಮೋಸ ಹೋಗುತ್ತೀರಿ. ಕೊನೆಯ 7 ಅಂಕಿಯಲ್ಲೇ ವ್ಯತ್ಯಾಸ ಇರುವುದು.

ಸ್ಯಾಮ್‌ಸಂಗ್ ಫೋನಿನಲ್ಲಿ ಐಎಂಇಐ ಆದ ಮೇಲೆ ಓರೆಗೆರೆ ಹಾಕಿ 01 ಥರದ ಎರಡು ಅಂಕಿ ಬರುವುದುಂಟು. ಅದು ಸಾಫ್ಟ್‌ವೇರ್ ಆವೃತ್ತಿಯ ಗುರುತು. ಬಾಕ್ಸಿನಲ್ಲಿ ಇಲ್ಲ ಅಂತ ಚಿಂತೆ ಬೇಡ. ಆದರೆ ಎರಡೂ ಸಿಮ್‌ಗೆ ಒಂದೇ ಐಎಂಇಐ ತೋರಿಸಿದರೆ ಖಂಡಿತ ಚಿಂತೆ ಮಾಡಿ. ಯಾರೋ ಸಾಫ್ಟ್‌ವೇರ್ ಹಾಕಿ ನಂಬರ್ ಬದಲಿಸಿರುವ ಸಾಧ್ಯತೆ ಜಾಸ್ತಿ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಇಂಥ ಗುರುತಿನ ಸಂಖ್ಯೆ ತಿದ್ದುವುದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಂಥ ಫೋನ್ ನಿಮ್ಮ ಮನೆಗೆ ಬರುವುದು ಬೇಡ.

ಸೀರಿಯಲ್ ನಂಬರ್ ನೋಡಲು ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ Settings ಒಳಗೆ About phone, ಐಫೋನಿನಲ್ಲಿ Settings, General, About. ವಿಡಿಯೋ ಕಾಲ್ ಇಡುವ ಮೊದಲು ಇದನ್ನೂ ತೋರಿಸಿಕೊಳ್ಳಿ. ಐಎಂಇಐ ಹೊಂದಿ ಸೀರಿಯಲ್ ನಂಬರ್ ಹೊಂದದಿದ್ದರೆ ಅದು ಸಣ್ಣ ವಿಷಯವಲ್ಲ. ಬಾಕ್ಸಿಗೆ ಹೊಂದುವಂತೆ ಫೋನಿನ ಐಎಂಇಐಯನ್ನೇ ಬದಲಿಸಿದ್ದರೆ ಸೀರಿಯಲ್ ನಂಬರ್ ಅದನ್ನು ಬಯಲು ಮಾಡುತ್ತದೆ. ಐಫೋನಾದರೆ ಆ ಸೀರಿಯಲ್ ನಂಬರನ್ನು checkcoverage.apple.com ಪುಟದಲ್ಲಿ ಹಾಕಿ ಯಾವ ಮಾಡೆಲ್ ತೋರಿಸುತ್ತದೆ ನೋಡಿ.

7. ಹೊಂದದಿದ್ದರೆ ಕಾರಣ ಕೇಳಿ, ಕಾಗದ ನೋಡಿ

ಹೊಂದದ ಬಾಕ್ಸೆಲ್ಲ ಕಳ್ಳಮಾಲೇ ಅಲ್ಲ. ಸರ್ವಿಸ್ ಸೆಂಟರಿನಲ್ಲಿ ಬೋರ್ಡ್ ಬದಲಿಸಿದರೆ ಐಎಂಇಐ ಬದಲಾಗಬಹುದು. ಆಗ ಅಲ್ಲಿಯ ಜಾಬ್ ಶೀಟ್ ಇರುತ್ತದೆ, ಅಂದರೆ ರಿಪೇರಿಯ ರಸೀದಿ. ಅದನ್ನು ತೋರಿಸಲಿ. ಅದರಲ್ಲಿ ಫೋನಿನ ಈಗಿನ ಐಎಂಇಐ ಇರಬೇಕು.

ಐಫೋನನ್ನು ಕಂಪನಿಯೇ ಪೂರ್ತಿ ಬದಲಿಸಿ ಕೊಟ್ಟಿದ್ದರೆ About ಪುಟದಲ್ಲಿ Model Number ಅಂತ ಇರುವುದರ ಮೊದಲ ಅಕ್ಷರ N ಇರುತ್ತದೆ. ಅಂಗಡಿಯಿಂದ ಹೊಸದಾಗಿ ತಂದದ್ದಾದರೆ M, ಕಂಪನಿ ದುರಸ್ತಿ ಮಾಡಿ ಮಾರಿದ್ದಾದರೆ F. "ಬದಲಿ ಕೊಟ್ಟಾರ, ಅದಕ್ಕ ಬಾಕ್ಸ್ ಹೊಂದಂಗಿಲ್ಲ" ಅಂತ ಹೇಳಿ ಅಲ್ಲಿ M ಇದ್ದರೆ ಮಾತು ನಿಲ್ಲುವುದಿಲ್ಲ.

ಬಾಕ್ಸ್ ಕಳೆದಿದೆ ಅಂತ ನೇರವಾಗಿ ಹೇಳಿ, ಬಿಲ್ ಮಾತ್ರ ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಬಾಕ್ಸೇ ಇಲ್ಲದ ಫೋನಿಗಿಂತ ಬೇರೆ ಬಾಕ್ಸಿನಲ್ಲಿಟ್ಟ ಫೋನ್ ಅಪಾಯದ್ದು.

8. ಸರ್ಕಾರದ ಪಟ್ಟಿಯಲ್ಲಿ ನೋಡಿ

ಬಾಕ್ಸ್, ಪರದೆ ಎರಡೂ ಹೊಂದಿದ ಮೇಲೆ ಆ ಐಎಂಇಐ ಹಾಕಿ 14422 ನಂಬರಿಗೆ ಎಸ್‌ಎಂಎಸ್ ಕಳಿಸಿ. ಮಾದರಿ ಹೀಗಿದೆ, ಸಂಖ್ಯೆ ಮಾತ್ರ ನಿಮ್ಮದು ಹಾಕಿ:

```
KYM 490154203237518
```

ಸಂಚಾರ್ ಸಾಥಿ ಆ್ಯಪ್‌ನಲ್ಲಿ ಅಥವಾ sancharsaathi.gov.in ನಲ್ಲೂ ಇದೇ ಸೌಲಭ್ಯ ಇದೆ. ಉತ್ತರದಲ್ಲಿ ಕಂಪನಿ ಮತ್ತು ಮಾಡೆಲ್ ಹೆಸರು ಬರುತ್ತದೆ. ಅದು ಬಾಕ್ಸಿನ ಮಾಡೆಲಿಗೆ ಹೊಂದಬೇಕು. ಕೆಲವು ಸಲ ಜಾಹೀರಾತಿನ ಹೆಸರಿನ ಬದಲು ಮಾಡೆಲ್ ಕೋಡ್ ಬರುತ್ತದೆ, ಆಗ ಸ್ಟಿಕ್ಕರಿನ ಕೋಡ್ ಜೊತೆ ಹೋಲಿಸಿ. ಬ್ಲ್ಯಾಕ್‌ಲಿಸ್ಟೆಡ್, ಡೂಪ್ಲಿಕೇಟ್ ಅಥವಾ ಆಲ್‌ರೆಡಿ ಇನ್ ಯೂಸ್ ಅಂತ ಬಂದರೆ ಕೊಳ್ಳಬೇಡಿ ಅಂತ ದೂರಸಂಪರ್ಕ ಇಲಾಖೆಯೇ ಹೇಳಿದೆ. ಎರಡು ಐಎಂಇಐ ಇದ್ದರೆ ಎರಡನ್ನೂ ಕಳಿಸಿ.

ಇದರ ಮಿತಿಯೂ ಗೊತ್ತಿರಲಿ. ಫೋನ್ ಕಳೆದವರು ಪೊಲೀಸ್ ದೂರು ಕೊಟ್ಟು, ಆಮೇಲೆ ಬ್ಲಾಕ್ ಮಾಡಲು ಅರ್ಜಿ ಹಾಕಿದರೆ ಮಾತ್ರ ಪಟ್ಟಿಗೆ ಬರುತ್ತದೆ. ನಿನ್ನೆ ಕಳುವಾದ ಫೋನ್ ಇವತ್ತು ಸರಿಯಾಗಿದೆ ಅಂತಲೇ ತೋರಿಸಬಹುದು. ಹಾಗೇ ಇಎಂಐ ಬಾಕಿ ಇದೆಯಾ ಅಂತ ಇದು ಹೇಳುವುದಿಲ್ಲ. ಬಿಲ್ ಮೇಲೆ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಸಾಲ ತೀರಿದ ಪತ್ರ ಕೇಳಿ.

9. ಕೈಗೆ ಫೋನ್ ಬಂದಾಗ

ಫೋಟೋದಲ್ಲಿ ಎಲ್ಲ ಸರಿ ಇತ್ತು ಅಂತ ಭೇಟಿಯಾದಾಗ ಸುಮ್ನೆ ದುಡ್ಡು ಕೊಡಬೇಡಿ. ಫೋಟೋದಲ್ಲಿ ಕಂಡ ಫೋನೇ ಬಂದಿದೆ ಅನ್ನೋದಕ್ಕೆ ಏನು ಗ್ಯಾರಂಟಿ? ಕೋಡನ್ನು ನೀವೇ ಒತ್ತಿ, ಬರೆದಿಟ್ಟ ಚೀಟಿಗೆ ಹೋಲಿಸಿ. ಸ್ಟಿಕ್ಕರಿನ ಅಂಚಿನ ಮೇಲೆ ಉಗುರು ಆಡಿಸಿ ನೋಡಿ, ಒಂದರ ಮೇಲೊಂದು ಇದ್ದರೆ ಫೋಟೋದಲ್ಲಿ ಕಾಣದ್ದು ಕೈಗೆ ಸಿಗುತ್ತದೆ. ಅಲ್ಲೇ ನಿಂತು 14422ಕ್ಕೆ ಮತ್ತೊಮ್ಮೆ ಎಸ್‌ಎಂಎಸ್ ಕಳಿಸಿ. ನೀವು ಮೊದಲು ನೋಡಿದ ದಿನಕ್ಕೂ ಈ ದಿನಕ್ಕೂ ನಡುವೆ ಬ್ಲಾಕ್ ಆಗಿರಬಹುದು.

ಉತ್ತರ ಬಂದ ಮೇಲೆ ಒಂದು ಹಾಳೆಯಲ್ಲಿ ಮಾಡೆಲ್, ಎರಡೂ ಐಎಂಇಐ, ಸೀರಿಯಲ್ ನಂಬರ್, ಬೆಲೆ, ತಾರೀಖು ಬರೆದು ಮಾರುವವರ ಹೆಸರು, ಸಹಿ ಹಾಕಿಸಿಕೊಳ್ಳಿ. ಅವರ ಗುರುತಿನ ಚೀಟಿಯ ಪ್ರತಿ ಕೊಟ್ಟರೆ ಇನ್ನೂ ಒಳ್ಳೆಯದು. ಹಣವನ್ನು ಯುಪಿಐ ಮೂಲಕವೇ ಕೊಡಿ, ಸಹಿ ಮಾಡಿದವರ ಹೆಸರೂ ಹಣ ಹೋಗುವ ಖಾತೆಯ ಹೆಸರೂ ಒಂದೇನಾ ಅಂತ ಕಳಿಸುವ ಮೊದಲು ಪರದೆಯ ಮೇಲೆ ನೋಡಿಕೊಳ್ಳಿ.